ಪಾಲಿಸಿ ನಂಬರ್ ಅಸಲಿ, ಗಾಡಿ ಮಾತ್ರ ಬೈಕು

ಬಾಡಿಗೆಗೆ ಓಡುವ ನಮ್ಮ ಗೂಡ್ಸ್ ಗಾಡಿಗಳ ಕಾಗದಪತ್ರ ನೋಡಿಕೊಳ್ಳುವವನು ನಾನೇ. ಟಾಟಾ ಏಸ್‌ನ ಇನ್ಶೂರೆನ್ಸ್ ಮುಗಿಯುತ್ತಾ ಬಂದಾಗ ಒಬ್ಬ ಮಧ್ಯವರ್ತಿ "ಥರ್ಡ್ ಪಾರ್ಟಿ ಆರು ಸಾವಿರಕ್ಕೆ ಮಾಡಿಸಿಕೊಡ್ತೀನಿ ಸಾರ್" ಅಂದ. ಅನುಮಾನ ಹುಟ್ಟಿದ್ದೇ ಅಲ್ಲಿ. ಥರ್ಡ್ ಪಾರ್ಟಿ ದರ ಕಂಪನಿಯ ಕೈಯಲ್ಲಿಲ್ಲ, ಕೇಂದ್ರ ಸರ್ಕಾರ ಗೊತ್ತುಮಾಡುವುದು. 2022ರ ಜೂನ್‌ನಲ್ಲಿ ಜಾರಿಯಾದ ಪಟ್ಟಿಯ ಪ್ರಕಾರ, 7,500 ಕೆ.ಜಿ. ಒಟ್ಟು ತೂಕದೊಳಗಿನ ಬಾಡಿಗೆ ಗೂಡ್ಸ್ ಗಾಡಿಗೆ 16,049 ರೂಪಾಯಿ, ತೆರಿಗೆ ಬೇರೆ. ನಮ್ಮ ಗಾಡಿಗೇ ಆಗುವ ಹಾನಿಯ, ಅಂದರೆ ಓನ್ ಡ್ಯಾಮೇಜ್ ಭಾಗದಲ್ಲಿ ಡಿಸ್ಕೌಂಟ್ ಕೇಳಬಹುದು. ಥರ್ಡ್ ಪಾರ್ಟಿಯಲ್ಲಿ ಹತ್ತು ಸಾವಿರ ಬಿಡುವವರು ಯಾರು?

"ದುಡ್ಡು ಆಮೇಲೆ ಕೊಡಿ, ಪಾಲಿಸಿ ಮೊದಲು ನೋಡಿ" ಎಂದು ಅವನು ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿದ. ಲೋಗೋ, ಸಹಿ, ಕ್ಯೂಆರ್ ಕೋಡ್, ನಮ್ಮ ಚಾಸಿ ನಂಬರ್, ಎಲ್ಲ ಇತ್ತು. ಅದರ ಮೇಲಿನ ಕ್ಯೂಆರ್ ಆಗಲಿ, ಫೋನ್ ನಂಬರ್ ಆಗಲಿ ನಾನು ಬಳಸಲಿಲ್ಲ. ಪಿಡಿಎಫ್ ತಿದ್ದುವವನಿಗೆ ಅವನ್ನು ಬದಲಿಸುವುದು ಕಷ್ಟವೇ? ಕಂಪನಿಯ ವೆಬ್‌ಸೈಟ್ ವಿಳಾಸವನ್ನು ನಾನೇ ಟೈಪ್ ಮಾಡಿ, ಪಾಲಿಸಿ ಪರಿಶೀಲಿಸುವ ಪುಟದಲ್ಲಿ ನಂಬರ್ ಹಾಕಿದೆ. ಪಾಲಿಸಿ ಸಿಕ್ಕಿತು! ಚಾಲ್ತಿಯಲ್ಲಿದೆ, ಗಾಡಿ ನಂಬರ್ ಕೂಡ ನಮ್ಮದೇ.

ಬಹಳ ಜನ ಇಷ್ಟು ನೋಡಿ ದುಡ್ಡು ಕಳಿಸಿಬಿಡುತ್ತಾರೆ. ಆದರೆ ಅದೇ ಪುಟದಲ್ಲಿ ಪಾಲಿಸಿಯ ಬಗೆ ಎಂಬ ಕಡೆ 'ಟೂ ವ್ಹೀಲರ್' ಅಂತಿತ್ತು. ನನ್ನ ಕೈಯಲ್ಲಿದ್ದ ಪಿಡಿಎಫ್‌ನಲ್ಲಿ ಗೂಡ್ಸ್ ಕ್ಯಾರಿಯರ್. ವೆಬ್‌ಸೈಟ್‌ನಲ್ಲಿದ್ದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದಾಗ ಪೂರ್ತಿ ಗೊತ್ತಾಯಿತು: ನಮ್ಮ ಗಾಡಿ ನಂಬರ್ ಕೊಟ್ಟು, 150 ಸಿಸಿ ಒಳಗಿನ ಬೈಕ್ ಎಂದು ತೋರಿಸಿ ಪಾಲಿಸಿ ಮಾಡಿಸಿದ್ದಾನೆ. ಪ್ರೀಮಿಯಂ 714, ತೆರಿಗೆ ಸೇರಿ 843 ರೂಪಾಯಿ. ಆಮೇಲೆ ಪಿಡಿಎಫ್‌ನಲ್ಲಿ ಗಾಡಿಯ ಬಗೆ, ಮೊತ್ತ ಎರಡನ್ನೂ ತಿದ್ದಿದ್ದಾನೆ. ನಾನು ದುಡ್ಡು ಕೊಟ್ಟಿದ್ದರೆ ಉಳಿದದ್ದು ಅವನ ಜೇಬಿಗೆ.

ಈ ಆಟದಲ್ಲಿ ಎಂಪರಿವಾಹನ್ ಆ್ಯಪ್ ಪೂರ್ತಿ ಕಾಪಾಡುವುದಿಲ್ಲ. ಗಾಡಿ ನಂಬರ್ ಹಾಕಿದರೆ ಅದು ಕಂಪನಿಯ ಹೆಸರು, ಪಾಲಿಸಿ ನಂಬರ್, ಮುಗಿಯುವ ದಿನ ತೋರಿಸುತ್ತದೆ, ಕಟ್ಟಿದ ಪ್ರೀಮಿಯಂ ತೋರಿಸುವುದಿಲ್ಲ. ಹೊಸ ಪಾಲಿಸಿ ಅಲ್ಲಿ ಕಾಣಿಸಲು ಕೆಲವು ದಿನ ಹಿಡಿಯುವುದೂ ಉಂಟು. ಹಾಗಾಗಿ ಅಲ್ಲಿ ಇಲ್ಲ ಅಂದಮಾತ್ರಕ್ಕೆ ನಕಲಿ ಅನ್ನುವಂತಿಲ್ಲ, ಇದೆ ಅಂದಮಾತ್ರಕ್ಕೆ ಸರಿ ಅನ್ನುವಂತೆಯೂ ಇಲ್ಲ. ಆಕ್ಸಿಡೆಂಟ್ ಆಗಿ ಕ್ಲೇಮ್ ಹೋದರೆ ಕಂಪನಿ ಮೊದಲು ನೋಡುವುದು ಗಾಡಿಯ ಬಗೆಯನ್ನೇ. ತಕರಾರು ಎತ್ತಿದರೆ ಪರಿಹಾರದ ಹೊರೆ ಮಾಲೀಕನ ತಲೆ ಮೇಲೆ ಬೀಳಬಹುದು.

ಅವನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. "ಸಿಸ್ಟಮ್ ತಪ್ಪು ಸಾರ್" ಅಂದವನು ಮತ್ತೆ ಫೋನ್ ಎತ್ತಲಿಲ್ಲ. ಸೈಬರ್ ಸಹಾಯವಾಣಿ 1930 ಇರುವುದು ದುಡ್ಡು ಹೋದವರಿಗೆ. ನಮ್ಮದು ಹೋಗಿರಲಿಲ್ಲ, ಆದ್ದರಿಂದ ಆ ಪಿಡಿಎಫ್ ಸಮೇತ ಕಂಪನಿಗೇ ಇಮೇಲ್ ಮಾಡಿದೆ. ಪಾಲಿಸಿಯನ್ನು ಬೇರೊಬ್ಬ ಏಜೆಂಟರ ಮೂಲಕವೇ ಮಾಡಿಸಿದೆ. ಅವರ ಯುಪಿಐಗೆ ದುಡ್ಡು ಹಾಕಲಿಲ್ಲ. ಕಂಪನಿಯಿಂದ ನನ್ನ ಮೊಬೈಲಿಗೆ ಬಂದ ಪೇಮೆಂಟ್ ಲಿಂಕ್‌ನಲ್ಲಿ ಗಾಡಿಯ ಬಗೆ, ಒಟ್ಟು ತೂಕ, ಮೊತ್ತ ಓದಿ ನೋಡಿಯೇ ಕಟ್ಟಿದೆ.