ಚಕ್ರಬಡ್ಡಿಯ ಉತ್ತರವನ್ನು ಬಾಯಲ್ಲೇ ತಾಳೆ ನೋಡುವುದು

ಮಾಡಿದ ಲೆಕ್ಕವನ್ನು ಅದೇ ದಾರಿಯಲ್ಲಿ ಇನ್ನೊಮ್ಮೆ ಮಾಡಿ ನೋಡುವುದನ್ನು ನಾನು ಬಿಟ್ಟಿದ್ದೇನೆ. ಮೊದಲು ಕಣ್ತಪ್ಪಿದ ಕಡೆಯೇ ಮತ್ತೆ ಕಣ್ತಪ್ಪುತ್ತದೆ. ತಾಳೆಗೆ ಬೇರೆ ದಾರಿಯೇ ಬೇಕು.

50ರ ಹತ್ತಿರದ ವರ್ಗದಿಂದ ಶುರು ಮಾಡುತ್ತೇನೆ. ಸಂಖ್ಯೆ 50ಕ್ಕಿಂತ ಎಷ್ಟು ಹೆಚ್ಚೋ ಅಷ್ಟನ್ನು 25ಕ್ಕೆ ಕೂಡಿಸಬೇಕು, ಕಡಿಮೆಯಿದ್ದರೆ ಕಳೆಯಬೇಕು. ಬಂದದ್ದು ನೂರರ ಲೆಕ್ಕ. ಅದರ ಪಕ್ಕಕ್ಕೆ ವ್ಯತ್ಯಾಸದ ವರ್ಗ. 48ಕ್ಕೆ 2 ಕಡಿಮೆ, ಹಾಗಾಗಿ 23, ಪಕ್ಕದಲ್ಲಿ 04: 2304. ಆ ಸೊನ್ನೆ ಬಿಟ್ಟು 234 ಎಂದು ಬರೆಯುವವರೇ ಹೆಚ್ಚು. ವ್ಯತ್ಯಾಸ 10 ಅಥವಾ ಹೆಚ್ಚಿದ್ದರೆ ಪಕ್ಕದ ಭಾಗ ಮೂರಂಕಿಯಾಗುತ್ತದೆ. 37ಕ್ಕೆ 12 ಮತ್ತು 169. 169ರ ಆ 1 ಎಡಕ್ಕೆ ಹೋಗಿ 1369.

ಗುಣಾಕಾರಕ್ಕೂ ಇದೇ ಸಾಕು. 48 × 54ರ ಸರಾಸರಿ 51, ಎರಡೂ ಅದರಿಂದ 3 ದೂರ. 51ರ ವರ್ಗ 2601, ಅದರಲ್ಲಿ 9 ಕಳೆದರೆ 2592.

100ರ ಹತ್ತಿರ ಬಂದಾಗ ವ್ಯತ್ಯಾಸವನ್ನು ಎರಡು ಸಲ ಕೂಡಿಸಬೇಕು ಇಲ್ಲವೇ ಕಳೆಯಬೇಕು. 96ಕ್ಕೆ 92, ಪಕ್ಕದಲ್ಲಿ 16: 9216. ಒಂದೇ ಸಲ ಕಳೆದರೆ 9616 ಬರುತ್ತದೆ. ಇದರ ಕೊನೆಯ ಅಂಕಿಗಳು ಸರಿಯಾಗಿಯೇ ಇರುವುದರಿಂದ ಬಿಡಿ ಸ್ಥಾನ ಮಾತ್ರ ನೋಡುವವರಿಗೆ ತಪ್ಪು ಕಾಣುವುದೇ ಇಲ್ಲ.

ಇದು ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಎರಡು ವರ್ಷದ ಚಕ್ರಬಡ್ಡಿಯಲ್ಲಿ. ಅಸಲು 12,500, ದರ 8% ಎಂದುಕೊಳ್ಳಿ. 108ರ ವರ್ಗ 11664, ಅಂದರೆ ನೂರಕ್ಕೆ 116.64 ಆಯಿತು, ಬಡ್ಡಿ 16.64%. 12,500 ಎಂದರೆ ಲಕ್ಷದ ಎಂಟನೇ ಒಂದು ಪಾಲು. ಲಕ್ಷಕ್ಕೆ 16,640, ಅದರ ಎಂಟನೇ ಒಂದು 2,080. ಉತ್ತರ 2,000 ಬಂದಿದ್ದರೆ ಸರಳಬಡ್ಡಿ ಹಾಕಿದ್ದೀರಿ ಎಂದೇ ಅರ್ಥ. ಉಳಿದ 80 ಮೊದಲ ವರ್ಷದ ಬಡ್ಡಿ 1,000ಕ್ಕೆ ಸಿಕ್ಕ 8%.

ಭಿನ್ನರಾಶಿಗಳಲ್ಲಿ 1/8 ಎಂದರೆ 12.5%, 3/8 ಎಂದರೆ 37.5%. ಇವು ಕರಾರುವಾಕ್ಕು. ಎಡವುವುದು ತಿರುಗಿಸುವಾಗ. ಒಂದು ಮೊತ್ತ ಇನ್ನೊಂದಕ್ಕಿಂತ 1/8 ಹೆಚ್ಚಿದ್ದರೆ, ಎರಡನೆಯದು ಮೊದಲಿನದಕ್ಕಿಂತ 1/8 ಕಡಿಮೆಯಲ್ಲ, 1/9 ಕಡಿಮೆ, ಅಂದರೆ 11.11%. 8 ಭಾಗ ಮತ್ತು 9 ಭಾಗ ಎಂದು ಇಟ್ಟುಕೊಂಡರೆ ಗೊಂದಲವಿಲ್ಲ.

1/7ರ ವಿಷಯದಲ್ಲಿ ಮಾತ್ರ ಎಚ್ಚರ. ಅದು 14.28%ಕ್ಕೆ ಹತ್ತಿರ, 14% ಅಲ್ಲ. 35,000ದ 14% ಕೇಳಿದಾಗ ನಾನು ಏಳರಿಂದ ಭಾಗಿಸಿ 5,000 ಹಿಡಿಯುತ್ತೇನೆ, ಆಮೇಲೆ ಅದರಲ್ಲೇ 2% ಕಳೆಯುತ್ತೇನೆ. 4,900 ಸರಿಯಾಗಿ ಬಂದು ಕೂರುತ್ತದೆ.