ಹಾಟ್‌ಸ್ಪಾಟ್‌ನಲ್ಲಿ ಗೇಮ್: ಪಿಂಗ್ ಎಲ್ಲಿ ಎಗರುತ್ತಿದೆ ಅಂತ ಮೊದಲು ಹಿಡಿಯಿರಿ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಓದುವ ಅವಳ ಮಗ ರಜೆಗೆ ಬಂದಿದ್ದ. ಜಗಲಿ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಹಾಟ್‌ಸ್ಪಾಟ್ ಹಾಕಿದ ಫೋನ್, ಮುಖ ಮಾತ್ರ ಊದಿಕೊಂಡಿತ್ತು.

‘ಮಾವ, ಸ್ಪೀಡ್ ಟೆಸ್ಟ್ ಮಾಡಿದ್ರೆ 18 ಎಂಬಿಪಿಎಸ್ ತೋರಿಸುತ್ತೆ. ವ್ಯಾಲರಂಟ್ ಆಡೋಕೆ ಕೂತ್ರೆ 60 ಇದ್ದ ಪಿಂಗ್ ಒಂದೇ ಸಲ 400ಕ್ಕೆ ಹಾರುತ್ತೆ. ನಾನು ಟ್ರಿಗರ್ ಒತ್ತೋಷ್ಟರಲ್ಲಿ ಸತ್ತೇ ಹೋಗಿರ್ತೀನಿ.’

ಅವನು ನೋಡುತ್ತಿದ್ದ 18ಕ್ಕೂ ಅವನ ಸಾವಿಗೂ ಸಂಬಂಧವೇ ಇರಲಿಲ್ಲ. ಇಂಥ ಗೇಮ್‌ಗೆ ಅರ್ಧ ಎಂಬಿಪಿಎಸ್ ಧಾರಾಳ ಸಾಕು. ಆದರೆ ಆ ಅರ್ಧ ಎಂಬಿಪಿಎಸ್ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ, ಒಂದರ ಹಿಂದೆ ಒಂದು, ತಡವಿಲ್ಲದೆ ಹೋಗಿ ಬರಬೇಕು. ಹಾಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡುಗಳೇ ಪಿಂಗ್. ವ್ಯಾಲರಂಟ್ ಸರ್ವರ್ ಸೆಕೆಂಡಿಗೆ 128 ಸಲ ಆಟದ ಲೆಕ್ಕ ಹಾಕುತ್ತದೆ. ಕಾಲು ಸೆಕೆಂಡು ನಿಮ್ಮ ಪ್ಯಾಕೆಟ್ ಬರದಿದ್ದರೆ ಅದು ಅಷ್ಟೂ ಹೊತ್ತು ನೀವಿಲ್ಲದೆ ಆಟ ನಡೆಸಿರುತ್ತದೆ.

ಹಾಗಾಗಿ ಫೋನನ್ನು ಸುಮ್ನೆ ಅಲ್ಲಿಂದಿಲ್ಲಿಗೆ ಹೊತ್ತು ತಿರುಗುವ ಮೊದಲು ತಡ ಎಲ್ಲಿ ಆಗುತ್ತಿದೆ ಅಂತ ನೋಡಬೇಕು. ದಾರಿಯಲ್ಲಿ ಮೂರು ತುಂಡುಗಳಿವೆ: ಲ್ಯಾಪ್‌ಟಾಪಿನಿಂದ ಫೋನಿಗೆ, ಫೋನಿಂದ ಟವರಿಗೆ, ಟವರಿಂದ ಗೇಮ್ ಸರ್ವರಿಗೆ. ಮೂರನೆಯದನ್ನು ಸದ್ಯಕ್ಕೆ ಬಿಟ್ಟುಬಿಡಿ. ತೀರ್ಥಹಳ್ಳಿಯಿಂದ ಮುಂಬೈ ಸರ್ವರಿಗೆ ನೇರ ದೂರ ಸುಮಾರು 650 ಕಿ.ಮೀ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 200 ಕಿ.ಮೀ. ಹೋಗುತ್ತದೆ. ಹೋಗಿ ಬರಲು 7 ಮಿಲಿಸೆಕೆಂಡು ಸಾಕು. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಇನ್ನೊಂದಿಷ್ಟು ಸೇರಿಸಿಕೊಳ್ಳಿ. 400 ಅಲ್ಲಿಂದ ಬರುವುದು ಅಪರೂಪ.

ಎರಡು ಕಿಟಕಿ ತೆರೆಯಿರಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಇದನ್ನು ಟೈಪ್ ಮಾಡಿ:

```
ipconfig
```

`Default Gateway` ಅನ್ನುವ ಸಾಲಿನಲ್ಲಿ ಕಾಣುವ ನಂಬರು ನಿಮ್ಮ ಫೋನಿನ ವಿಳಾಸ. ನಮ್ಮಲ್ಲಿ ಅದು 192.168.43.1 ಇತ್ತು, ನಿಮ್ಮಲ್ಲಿ ಬೇರೆ ಇರಬಹುದು. ಈಗ ಎರಡು ಕಮಾಂಡ್ ಕಿಟಕಿ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದರಲ್ಲಿ ಒಂದೊಂದು ಓಡಿಸಿ:

```
ping -t 192.168.43.1
ping -t 8.8.8.8
```

ಮೊದಲನೆಯದು ಫೋನಿನವರೆಗೆ ಮಾತ್ರ ಹೋಗಿ ಬರುತ್ತದೆ. ಎರಡನೆಯದು ಟವರ್ ದಾಟಿ ಗೂಗಲ್‌ನ ಸರ್ವರಿಗೆ ಹೋಗಿ ಬರುತ್ತದೆ. ಐದು ನಿಮಿಷ ಓಡಲಿ. ಪಿಂಗ್ ಎಗರಿದಾಗ ಎರಡೂ ಕಿಟಕಿಯಲ್ಲಿ ಒಟ್ಟಿಗೆ ಎಗರಿದರೆ ತೊಂದರೆ ಕೋಣೆಯೊಳಗಿನ ವೈಫೈನದ್ದು. ಮೊದಲನೆಯದು 3, 4, 3 ಅಂತ ಸಮವಾಗಿದ್ದು ಎರಡನೆಯದು ಮಾತ್ರ ಎಗರಿದರೆ ತೊಂದರೆ ಫೋನಿನಾಚೆ.

ಜಗಲಿಯಲ್ಲಿ ಕೂತು ನೋಡಿದೆವು. ಎರಡೂ ಥರದ್ದೂ ಇತ್ತು! ಫೋನ್ ಒಂದು ಮೊಳ ದೂರದಲ್ಲಿದ್ದರೂ ಮೊದಲ ಕಿಟಕಿಯಲ್ಲಿ ಆಗಾಗ 150, 180 ಬರುತ್ತಿತ್ತು. ಹುಡುಗನ ಕಿವಿಯಲ್ಲಿ ಬ್ಲೂಟೂತ್ ಹೆಡ್‌ಫೋನ್. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿತ್ತು, ಬ್ಲೂಟೂತ್ ಕೂಡ ಅದೇ ಅಲೆಯಲ್ಲಿ ಓಡಾಡುತ್ತದೆ. ಎರಡೂ ಒಂದೇ ಓಣಿಯಲ್ಲಿ ಎದುರುಬದುರಾದ ಹಾಗೆ.

ವೈಫೈ ಬಿಟ್ಟು ಕೇಬಲ್ ಹಾಕಿ

ಇದಕ್ಕೆ ನೇರ ಉಪಾಯ ಯುಎಸ್‌ಬಿ ಟೆದರಿಂಗ್. ಫೋನನ್ನು ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್ ಇರುವ ಜಾಗದಲ್ಲೇ `USB tethering` ಆನ್ ಮಾಡಿ, ವೈಫೈ ಹಾಟ್‌ಸ್ಪಾಟ್ ಆಫ್ ಮಾಡಿ. ಆ ಆಯ್ಕೆ ಮಸುಕಾಗಿದ್ದು ಒತ್ತಲು ಬರದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ನಾವೂ ಎರಡು ಕೇಬಲ್ ಬಿಸಾಡಿ ಮೂರನೆಯದರಲ್ಲಿ ಗೆದ್ದೆವು.

ಕೇಬಲ್ ಹಾಕಿದಾಗ ಫೋನಿನ ವಿಳಾಸ ಬದಲಾಗಬಹುದು, ಇನ್ನೊಮ್ಮೆ `ipconfig` ನೋಡಿಕೊಳ್ಳಿ. ನಮ್ಮಲ್ಲಿ ಮೊದಲ ಕಿಟಕಿ ಒಂದು ಎರಡರಲ್ಲೇ ನಿಂತಿತು. ಕೇಬಲ್ ಸಾಧ್ಯವೇ ಇಲ್ಲ ಅಂದರೆ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಹಾಕಿ ಫೋನನ್ನು ಅದೇ ಕೋಣೆಯಲ್ಲಿಡಿ. ಅದು ಗೋಡೆ ದಾಟುವಾಗ ಬೇಗ ಸೊರಗುತ್ತದೆ.

ಕಡ್ಡಿ ನಂಬಬೇಡಿ, ಡಿಬಿಎಂ ನೋಡಿ

ಇನ್ನು ಫೋನಿಂದ ಟವರಿಗೆ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದು ಒಂದೊಂದು ಫೋನಿನಲ್ಲಿ ಒಂದೊಂದು ರೀತಿ. ಆಂಡ್ರಾಯ್ಡ್ ಸೆಟ್ಟಿಂಗ್‌ನ `About phone` ಒಳಗೆ `SIM status` ಅಂತಿದೆ. ಅಲ್ಲಿ `Signal strength` ಎದುರು ಮೈನಸ್ ಹಾಕಿದ ಒಂದು ನಂಬರು, ಮುಂದೆ ಡಿಬಿಎಂ ಅಂತ ಇರುತ್ತದೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿ ಆಡಬಹುದು. ಮೈನಸ್ 110 ದಾಟಿದರೆ ಯೂಟ್ಯೂಬ್ ಓಡೀತು, ಗೇಮ್ ಕಷ್ಟ.

ಯಾಕೆ ಕಷ್ಟ ಅಂದರೆ, ಫೋನಿನ ದನಿ ಟವರಿಗಿಂತ ತುಂಬಾ ಸಣ್ಣದು. ಟವರ್ ಹೇಳಿದ್ದು ಫೋನಿಗೆ ಕೇಳಿಸುತ್ತದೆ, ಫೋನ್ ಹೇಳಿದ್ದು ಟವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಕೇಳಿಸದಿದ್ದರೆ ಅದೇ ಪ್ಯಾಕೆಟ್ ಮತ್ತೆ ಕಳಿಸಬೇಕು. 4ಜಿಯಲ್ಲಿ ಹೀಗೆ ಒಂದು ಸಲ ಮತ್ತೆ ಕಳಿಸಲು ಸಾಮಾನ್ಯವಾಗಿ 8 ಮಿಲಿಸೆಕೆಂಡು ಬೇಕು. ನಾಲ್ಕೈದು ಸಲ ಆಯ್ತು ಅಂದ್ರೆ ಹಿಂದಿನವೆಲ್ಲ ಸಾಲುಗಟ್ಟುತ್ತವೆ. ಫೋನ್ ಕೂಗಿ ಕೂಗಿ ಬಿಸಿಯೂ ಆಗುತ್ತದೆ.

ಜಗಲಿಯಲ್ಲಿ ಮೈನಸ್ 112 ಇತ್ತು. ಎದುರಿಗೆ ಮಳೆ ಎರಚಲಿಗೆ ಅಂತ ಕಟ್ಟಿದ ತಗಡಿನ ಶೀಟು, ಟವರ್ ಅದೇ ದಿಕ್ಕಿಗೆ. ತಗಡಿನ ಮುಂದೆ ರೇಡಿಯೊ ಅಲೆಯ ಆಟ ನಡೆಯುವುದಿಲ್ಲ. ಫೋನ್ ಹಿಡಿದು ಮಹಡಿಗೆ ಹೋದೆವು. ಒಂದೊಂದು ಜಾಗದಲ್ಲೂ ಅರ್ಧ ನಿಮಿಷ ಇಟ್ಟು ನೋಡಬೇಕು, ಆ ನಂಬರು ನಿಧಾನಕ್ಕೆ ಬದಲಾಗುತ್ತದೆ. ಕೋಣೆಯ ನಡುವೆ ಮೈನಸ್ 104. ಪೂರ್ವದ ಕಿಟಕಿಯಲ್ಲಿ ಮೈನಸ್ 97. ಹಳೇ ಕಾಲದ ಮರದ ಸರಳಿನ ಕಿಟಕಿ ಅದು, ಕಬ್ಬಿಣದ ಗ್ರಿಲ್ ಇದ್ದಿದ್ದರೆ ಇಷ್ಟು ಬರುತ್ತಿತ್ತೋ ಇಲ್ಲವೋ. 15 ಡಿಬಿ ವ್ಯತ್ಯಾಸ ಅಂದರೆ ಸಿಗ್ನಲ್ಲಿನ ಶಕ್ತಿ 30 ಪಟ್ಟು ಜಾಸ್ತಿ. ಅದೇ ಕಿಟಕಿಯಲ್ಲಿ ಒಂದು ಗೇಣು ಪಕ್ಕಕ್ಕಿಟ್ಟರೆ ಮತ್ತೆ 4 ಡಿಬಿ ಇಳಿಯಿತು. ಹಾಗಾಗಿ ಸರಿಯಾದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಫೋನನ್ನು ಸರಳಿಗೆ ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿ, ಮೂರು ಮೀಟರ್ ಕೇಬಲ್ ಎಳೆದು ಮೇಜು ಹಾಕಿಕೊಂಡೆವು. ಕವರ್ ತೆಗೆದಿಟ್ಟರೆ ಬಿಸಿ ಕಡಿಮೆ.

ಅಲ್ಲಿ ಇನ್ನೊಂದು ಕಾಟ ಕಂಡಿತು. ಫೋನ್ ಆಗಾಗ ದೂರದ 5ಜಿಗೆ ಹಾರಿ, ಅಲ್ಲಿ ನಿಲ್ಲಲಾಗದೆ 4ಜಿಗೆ ವಾಪಸ್ ಬರುತ್ತಿತ್ತು. ಒಂದೊಂದು ಹಾರಾಟಕ್ಕೂ ಪಿಂಗ್ ಎಗರುತ್ತಿತ್ತು. `Preferred network type` ಅನ್ನುವಲ್ಲಿ 4ಜಿಗೆ ಹಾಕಿದ ಮೇಲೆ ನಿಂತಿತು. ಗಟ್ಟಿಯಾಗಿ 5ಜಿ ಸಿಗುವ ಊರಿನಲ್ಲಿ ಇದು ಬೇಕಿಲ್ಲ.

ಎರಡು ಸಿಮ್ ಇದ್ದರೆ ಗೇಮ್ ಹೊತ್ತಿಗೆ ಎರಡನೆಯದನ್ನು ಆಫ್ ಮಾಡಿ. ಸುಮಾರು ಫೋನುಗಳಲ್ಲಿ ಆ ಸಿಮ್ಮಿಗೆ ಕಾಲ್ ಬಂದರೆ ಈ ಸಿಮ್ಮಿನ ಡೇಟಾ ನಿಂತೇಹೋಗುತ್ತದೆ.

ಅಕ್ಕನ ಫೋನು

ಇಷ್ಟೆಲ್ಲ ಆದಮೇಲೆ ಪಿಂಗ್ 58ರಿಂದ 75ರೊಳಗೆ ಓಡಿತು. ಸಂಜೆ ಹುಡುಗ ಮತ್ತೆ ಕೂಗಿದ. ‘ಮಾವ, ಪುನಃ 400!’

ಈ ಸಲ ಎಗರುವ ರೀತಿಯೇ ಬೇರೆ. ಒಂದೆರಡು ಸೆಕೆಂಡಿಗೆ ಇಳಿಯುತ್ತಿರಲಿಲ್ಲ, ನಿಮಿಷಗಟ್ಟಲೆ ಮೇಲೇ ಕೂತಿತ್ತು. ಇಂಥದ್ದು ಕಂಡರೆ ಸಿಗ್ನಲ್ ಮೇಲೆ ಅನುಮಾನ ಪಡುವ ಮೊದಲು ಯಾರೋ ಅಪ್‌ಲೋಡ್ ಮಾಡುತ್ತಿದ್ದಾರಾ ಅಂತ ನೋಡಿ. ಹುಡುಗ ವೈಫೈ ಹಾಟ್‌ಸ್ಪಾಟನ್ನು ಮತ್ತೆ ಆನ್ ಮಾಡಿದ್ದ. ಅಕ್ಕನ ಫೋನ್ ಅದಕ್ಕೆ ತಾನಾಗಿಯೇ ಅಂಟಿಕೊಂಡಿತ್ತು. ‘ವೈಫೈ ಇದ್ದಾಗ ಮಾತ್ರ ಬ್ಯಾಕಪ್’ ಅಂತ ಅವಳ ಫೋಟೊ ಆಪ್‌ನಲ್ಲಿ ಸೆಟ್ಟಿಂಗ್. ಪಾಪ, ಆ ಫೋನಿಗೆ ಹಾಟ್‌ಸ್ಪಾಟೂ ವೈಫೈಯೇ ತಾನೇ? ಮಧ್ಯಾಹ್ನ ತೆಗೆದ ಮೊಮ್ಮಗುವಿನ 100 ಎಂಬಿ ವಿಡಿಯೊ ಮೇಲೇರುತ್ತಿತ್ತು. ಅಲ್ಲಿ ಅಪ್‌ಲೋಡ್ ಸಿಗುತ್ತಿದ್ದದ್ದು ಒಂದೂವರೆ ಎಂಬಿಪಿಎಸ್, ಅಂದರೆ ಹತ್ತಿರ ಹತ್ತಿರ 9 ನಿಮಿಷದ ಕೆಲಸ. ಅಷ್ಟೂ ಹೊತ್ತು ಗೇಮ್‌ನ ಪುಟ್ಟ ಪ್ಯಾಕೆಟ್ಟುಗಳು ಆ ವಿಡಿಯೊದ ಹಿಂದೆ ಕ್ಯೂ ನಿಲ್ಲಬೇಕು.

ಲ್ಯಾಪ್‌ಟಾಪಿಗೂ ಇದೇ ಮರುಳು. ವಿಂಡೋಸ್‌ನ `Network & internet` ಒಳಗೆ ಈ ಕನೆಕ್ಷನ್ನಿಗೆ `Metered connection` ಆನ್ ಮಾಡಿದರೆ ಅಪ್‌ಡೇಟ್‌ಗಳು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಗೇಮ್ ಲಾಂಚರ್‌ಗಳ ಆಟೊ ಅಪ್‌ಡೇಟನ್ನು ಬೇರೆಯಾಗಿ ನಿಲ್ಲಿಸಬೇಕು. ಅಕ್ಕನ ಫೋನಿನಲ್ಲೂ ಆ ಹಾಟ್‌ಸ್ಪಾಟಿನ ಹೆಸರು ಒತ್ತಿ `Treat as metered` ಆರಿಸಿದೆವು. ಪಾಸ್‌ವರ್ಡ್ ಬದಲಿಸೋಣ ಅಂತ ಹುಡುಗ ಅಂದ. ಅಕ್ಕನ ಮುಖ ನೋಡಿ ಸುಮ್ಮನಾದ.

ಡೇಟಾ ಲೆಕ್ಕ

ಒಂದು ಮ್ಯಾಚ್ 40 ನಿಮಿಷ ನಡೆಯಿತು. ಮೊದಲು ಮತ್ತು ಆಮೇಲೆ ಫೋನಿನ ಡೇಟಾ ಲೆಕ್ಕ ಬರೆದಿಟ್ಟು ಕಳೆದರೆ 130 ಎಂಬಿ. ಗಂಟೆಗೆ ಸುಮಾರು 200 ಎಂಬಿ ಅಂದಂಗಾಯ್ತು. ನಿಮ್ಮ ಗೇಮ್‌ಗೂ ಹೀಗೇ ಒಂದು ಮ್ಯಾಚ್ ಅಳೆದುಕೊಳ್ಳಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಮೂರು ಮ್ಯಾಚ್ ಆಡಿದರೂ ಒಂದು ಜಿಬಿಗಿಂತ ಜಾಸ್ತಿ ಉಳಿಯುತ್ತದೆ. ಡೇಟಾ ತಿನ್ನುವುದು ಆಟವಲ್ಲ, ಮ್ಯಾಚ್‌ಗಳ ನಡುವೆ ನೋಡುವ ವಿಡಿಯೊ, ಮತ್ತೆ ಒಮ್ಮೊಮ್ಮೆ ಹಲವು ಜಿಬಿ ಬೇಡುವ ಪ್ಯಾಚ್. ಪ್ಯಾಚನ್ನು ರಾತ್ರಿ 11ಕ್ಕೆ ಶುರು ಮಾಡಿ, 12ಕ್ಕೆ ಹೊಸ ದಿನದ ಕೋಟಾ ಬರುವುದರಿಂದ ಎರಡು ದಿನದ್ದು ಸೇರಿಸಿ ಇಳಿಸಿಕೊಳ್ಳಬಹುದು.

ಕೋಟಾ ಮುಗಿದ ಮೇಲೆ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಸುತ್ತಾರೆ. ಗಂಟೆಗೆ 200 ಎಂಬಿ ಅಂದರೆ 440 ಕೆಬಿಪಿಎಸ್. ಸಿಗುವುದು ಏಳರಲ್ಲಿ ಒಂದು ಪಾಲಿನಷ್ಟೇ, ಮ್ಯಾಚ್ ಅಲ್ಲೇ ಢಮಾರ್. ಇನ್ನೊಂದು ಹಳ್ಳ ಇದೆ. ‘ಅನಿಯಮಿತ 5ಜಿ’ ಪ್ಯಾಕ್ ಇದ್ದು ನೀವು ಫೋನನ್ನು 4ಜಿಗೆ ಕಟ್ಟಿಹಾಕಿದರೆ ಆಡಿದ್ದೆಲ್ಲ ದಿನದ ಕೋಟಾದಿಂದಲೇ ಹೋಗುತ್ತದೆ.

ಕೈಮೀರಿದ್ದು

ಸಂಜೆ ಎಂಟರಿಂದ ಹತ್ತೂವರೆ ತನಕ ಊರೆಲ್ಲ ಒಂದೇ ಟವರಿಗೆ ಜೋತುಬೀಳುತ್ತದೆ. ಮೈನಸ್ 97 ಹಾಗೇ ಇರುತ್ತದೆ, ಎರಡನೇ ಕಿಟಕಿಯಲ್ಲಿ ಮಾತ್ರ 120, 200. ಆಗ ಫೋನ್ ಸರಿಸಿ ಪ್ರಯೋಜನವಿಲ್ಲ. ಇನ್ನು ಮಳೆ. ಮೊಬೈಲ್ ಅಲೆಗೆ ಮಳೆಯಿಂದ ಅಂಥಾ ತೊಂದರೆಯಿಲ್ಲ. ಆದರೆ ಫೈಬರ್ ಎಳೆಯದ ಟವರ್‌ಗಳು ದುಂಡು ಮೈಕ್ರೋವೇವ್ ಡಿಶ್‌ಗಳ ಮೂಲಕ ಮುಂದಿನ ಟವರಿಗೆ ಮಾತಾಡುತ್ತವೆ. ಆ ಅಲೆಯ ಆವರ್ತನ ತುಂಬಾ ಜಾಸ್ತಿ, ಜಡಿಮಳೆಯಲ್ಲಿ ಸೊರಗುತ್ತದೆ. ಫುಲ್ ಸಿಗ್ನಲ್ ಇದ್ದೂ ನೆಟ್ ಸತ್ತಿದೆ ಅಂದರೆ ಒಮ್ಮೆ ಹೊರಗೆ ನೋಡಿ.

ಹುಡುಗ ಈಗ ಬೆಳಿಗ್ಗೆ ಆರಕ್ಕೆ ಎದ್ದು ಆಡುತ್ತಾನೆ. ಆ ಹೊತ್ತಿಗೆ ಪಿಂಗ್ 55. ಕಾಲೇಜಿಗೆ ಯಾವತ್ತೂ ಅಷ್ಟು ಬೇಗ ಎದ್ದವನಲ್ಲ ಅಂತ ಅಕ್ಕ ಕಾಫಿ ತಂದಿಡುವಾಗೆಲ್ಲ ಹೇಳುತ್ತಾಳೆ.