ಬಯೋ ಲಿಂಕ್ ಪೇಜಲ್ಲಿ ಮೇಲಿನ ಜಾಗ ಯಾವ ಲಿಂಕಿಗೆ? ನನ್ನ ಕೇಕ್ ಪೇಜ್ ತಿದ್ದಿದ ಅನುಭವ

ಮನೇಲೇ ಕೇಕ್ ಮಾಡಿ ಆರ್ಡರ್ ಮೇಲೆ ಕೊಡೋಕೆ ಶುರು ಮಾಡಿ 4 ವರ್ಷ ಆಯ್ತು. ನನ್ನ ಕಸ್ಟಮರ್ಸ್‌ನಲ್ಲಿ ಮುಕ್ಕಾಲು ಪಾಲು ಜನ ಇನ್‌ಸ್ಟಾಗ್ರಾಮಿಂದಾನೇ ಬರೋದು. ಪೋಸ್ಟ್ ಕೆಳಗೆ ಕ್ಯಾಪ್ಷನ್‌ನಲ್ಲಿ ಲಿಂಕ್ ಹಾಕಿದ್ರೆ ಅದು ಒತ್ತೋಕೆ ಆಗಲ್ವಲ್ಲ, ಹಾಗಾಗಿ ಎಲ್ಲರ ಹಾಗೆ ನಾನೂ "ಲಿಂಕ್ ಬಯೋದಲ್ಲಿದೆ" ಅಂತ ಬರೆದು ಬಯೋದಲ್ಲಿ ಒಂದು ಲಿಂಕ್ ಪೇಜ್ ಇಟ್ಟಿದ್ದೆ. ಅದರಲ್ಲಿ ಆಗ 9 ಬಟನ್ ಇತ್ತು. ಮೊದಲು ಯೂಟ್ಯೂಬ್ ಚಾನೆಲ್, ಆಮೇಲೆ ಕಸ್ಟಮರ್ ರಿವ್ಯೂಗಳು, ಆಮೇಲೆ ಕ್ಲಾಸ್, ಫೇಸ್‌ಬುಕ್ ಪೇಜ್, ಇನ್ನೇನೇನೋ, ಮೆನು ಇದ್ದಿದ್ದು 6ನೇದು, ಆರ್ಡರ್ ಮಾಡೋ ವಾಟ್ಸ್ಯಾಪ್ ಲಿಂಕ್ 8ನೇದು. ಯಾಕೆ ಹಾಗೆ ಅಂದ್ರೆ ಯಾವುದೇ ಕಾರಣ ಇಲ್ಲ, ಹೊಸದಾಗಿ ಏನು ಮಾಡಿದ್ರೂ ಅದನ್ನ ಮೇಲೆ ಸೇರಿಸ್ತಾ ಹೋಗಿದ್ದೆ ಅಷ್ಟೇ.

ಸಮಸ್ಯೆ ಗೊತ್ತಾಗಿದ್ದು ನನ್ನ ತಂಗಿಯಿಂದ. ಅವಳ ಫ್ರೆಂಡ್ ಒಬ್ಬಳಿಗೆ ಕೇಕ್ ಬೇಕಿತ್ತು, ಇಬ್ರೂ ನನ್ನ ಪಕ್ಕದಲ್ಲೇ ಕೂತು ಪೇಜ್ ತೆಗೆದ್ರು, ಸ್ವಲ್ಪ ಹೊತ್ತು ಬೆರಳಾಡಿಸಿ "ಅಕ್ಕಾ, ರೇಟ್ ಎಲ್ಲಿ ಹಾಕಿದೀಯ?" ಅಂದ್ಲು. ಹಾಕಿದ್ದೆ, ಮೆನು ಒಳಗೆ ಎಲ್ಲಾ ಇತ್ತು. ಆದ್ರೆ ಅವಳ ಫೋನಲ್ಲಿ ಪೇಜ್ ತೆಗೆದಾಗ ನನ್ನ ದೊಡ್ಡ ಫೋಟೋ, 4 ಸಾಲು ಪರಿಚಯ, ಅದರ ಕೆಳಗೆ ಬರೀ 2 ಬಟನ್ ಕಾಣ್ತಿತ್ತು. ಮೆನು ಸಿಗೋಕೆ ಇನ್ನೂ ಕೆಳಗೆ ಹೋಗ್ಬೇಕಿತ್ತು. ನನ್ನ ಅಕ್ಕರೆಯ ತಂಗಿಗೇ ಸಿಗ್ಲಿಲ್ಲ ಅಂದ್ಮೇಲೆ ರೀಲ್ ನೋಡಿ ಮೊದಲನೇ ಸಲ ಬಂದೋರು ಹುಡುಕ್ತಾರಾ?

ಬಟನ್ ಆಕಡೆ ಈಕಡೆ ಮಾಡೋಕೆ ಮುಂಚೆ ನಾನು ಮಾಡಿದ ಒಂದು ಕೆಲಸ ಬಹಳ ಉಪಯೋಗಕ್ಕೆ ಬಂತು. ಹಿಂದಿನ ತಿಂಗಳ ಮೆಸೇಜ್‌ಗಳನ್ನ ತೆಗೆದು, ಹೊಸಬರು ಕಳಿಸಿದ ಮೊದಲನೇ ಮೆಸೇಜ್ ಮಾತ್ರ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡೆ, 50 ಆಗೋವರೆಗೂ. ಅದರಲ್ಲಿ 27 ಜನ ಕೇಳಿದ್ದು ರೇಟ್. 11 ಜನ "ಇಂಥ ದಿನಕ್ಕೆ ಆಗತ್ತಾ" ಅಂತ. 6 ಜನ ಮೊಟ್ಟೆ ಹಾಕದೆ ಮಾಡ್ತೀರಾ ಅಂತ, ಉಳಿದೋರು ಡೆಲಿವರಿ ಬಗ್ಗೆ, ಫೋಟೋ ಕಳಿಸಿ ಇದೇ ಥರ ಬೇಕು ಅಂತ. ಯೂಟ್ಯೂಬ್ ಬಗ್ಗೆ ಒಬ್ರೂ ಕೇಳಿರ್ಲಿಲ್ಲ, ರಿವ್ಯೂ ಬಗ್ಗೆನೂ ಇಲ್ಲ. ಅಂದ್ರೆ ನಾನು ಮೇಲೆ ಇಟ್ಟಿದ್ದು ನನಗೆ ತೋರಿಸ್ಬೇಕು ಅನ್ಸಿದ್ದು, ಬಂದೋರಿಗೆ ಬೇಕಾಗಿದ್ದು ಬೇರೆ.

ಸರಿ, ಆರ್ಡರ್ ತಾನೇ ಬೇಕಾಗಿರೋದು ಅಂತ ಮೊದಲು ವಾಟ್ಸ್ಯಾಪ್ ಆರ್ಡರ್ ಬಟನ್ನೇ ತಂದು ಮೇಲೆ ಇಟ್ಟೆ. ಮೆನುನ ಅದರ ಕೆಳಗೆ. ಆರ್ಡರ್ ಒತ್ತಿದ್ರೆ ಖಾಲಿ ಚಾಟ್ ತೆಗೆಯೋ ಬದಲು ಮೆಸೇಜ್ ಮೊದಲೇ ತುಂಬಿರೋ ಹಾಗೆ ಲಿಂಕ್ ಮಾಡಿದ್ದೆ. ಅದು ಹೀಗಿರತ್ತೆ, NUMBER ಅನ್ನೋ ಕಡೆ ದೇಶದ ಕೋಡ್ ಸೇರಿಸಿ ನಿಮ್ಮ ನಂಬರ್ ಹಾಕ್ಬೇಕು, ಮುಂದೆ ಪ್ಲಸ್ ಚಿಹ್ನೆ, ಸೊನ್ನೆ, ಮಧ್ಯ ಸ್ಪೇಸ್ ಏನೂ ಇರಬಾರದು:

```
https://wa.me/NUMBER?text=ಆರ್ಡರ್%0Aದಿನ:%0Aತೂಕ:%0Aಫ್ಲೇವರ್:%0Aಕೇಕ್%20ಮೇಲೆ%20ಹೆಸರು:
```

`%0A` ಅಂದ್ರೆ ಹೊಸ ಸಾಲು, `%20` ಅಂದ್ರೆ ಸ್ಪೇಸ್. ಒತ್ತಿದ ತಕ್ಷಣ ಮೆಸೇಜ್ ತಾನಾಗೇ ಹೋಗಲ್ಲ, ಅವರು ತುಂಬಿಸಿ ಸೆಂಡ್ ಒತ್ಬೇಕು, ಇದನ್ನ ನೆನಪಿಟ್ಕೊಳ್ಳಿ, ಮುಂದೆ ಇದೇ ಮುಖ್ಯ ಆಗತ್ತೆ.

2 ವಾರ ಹಾಗೆ ಬಿಟ್ಟೆ. ಲಿಂಕ್ ಪೇಜಿನ ಲೆಕ್ಕದಲ್ಲಿ ಆರ್ಡರ್ ಬಟನ್ 61 ಸಲ ಒತ್ತಿದ್ರು, ನೋಡಿ ಖುಷಿಯಾಯ್ತು. ಆದ್ರೆ ವಾಟ್ಸ್ಯಾಪಿಗೆ ನಿಜವಾಗಿ ಬಂದ ಮೆಸೇಜ್ 38. ಅದರಲ್ಲಿ ಹೆಚ್ಚಿನೋರು ನಾನು ತುಂಬಿಟ್ಟಿದ್ದನ್ನೆಲ್ಲ ಅಳಿಸಿ "ಹಾಯ್, 1 ಕೆಜಿ ಎಷ್ಟು?" ಅಂತ ಕಳಿಸಿದ್ರು. ಕೊನೆಗೆ ಕೇಕ್ ತಗೊಂಡಿದ್ದು 9 ಜನ. ಆ 2 ವಾರ ಕೈಯಲ್ಲಿ ಕ್ರೀಮ್ ಮೆತ್ಕೊಂಡೇ ರೇಟ್ ಟೈಪ್ ಮಾಡ್ತಾ ಕೂತಿದ್ದೆ, ರೇಟ್ ಕೇಳಿ ಸುಮ್ಮನಾದೋರೇ ಜಾಸ್ತಿ. ಯಾಕೆ ಅಂತ ಯೋಚನೆ ಮಾಡಿದ್ರೆ ಸರಳ: ರೇಟ್ ಗೊತ್ತಿಲ್ಲದೋರ ಮುಂದೆ ಆರ್ಡರ್ ಬಟನ್ ಇಟ್ಟಿದ್ದೆ. ದಿನ, ತೂಕ, ಫ್ಲೇವರ್ ಬರೀರಿ ಅಂದ್ರೆ ಏನಂತ ಬರೀತಾರೆ, ಏನೇನಿದೆ ಅಂತಾನೇ ನೋಡಿರಲ್ಲ.

ಆಮೇಲಿನ 2 ವಾರ ಅದಲು ಬದಲು ಮಾಡಿದೆ. ಮೆನು ಮೇಲೆ, ಆರ್ಡರ್ 2ನೇದು. ಜೊತೆಗೆ ಮೆನು ಪೇಜಿನ ಕೊನೇಲೂ ಒಂದು ಆರ್ಡರ್ ಬಟನ್ ಇಟ್ಟೆ, ನೋಡಿ ಮುಗಿಸಿದೋರು ಮತ್ತೆ ಹಿಂದೆ ಬಂದು ಹುಡುಕೋದು ಬೇಡ ಅಂತ. ಎರಡು ಆರ್ಡರ್ ಲಿಂಕಲ್ಲೂ ಮೊದಲನೇ ಸಾಲು ಮಾತ್ರ ಬೇರೆ ಮಾಡಿದೆ, ಬಯೋ ಪೇಜಿಂದ ಬಂದ್ರೆ "ಆರ್ಡರ್", ಮೆನು ಒಳಗಿಂದ ಬಂದ್ರೆ "ಮೆನು ನೋಡಿ ಆರ್ಡರ್". ಇದರಿಂದ ಯಾರು ಯಾವ ಕಡೆಯಿಂದ ಬಂದ್ರು ಅಂತ ಚಾಟಲ್ಲೇ ಗೊತ್ತಾಗತ್ತೆ, ಬೇರೆ ಯಾವ ಲೆಕ್ಕದ ಟೂಲೂ ಬೇಕಾಗಿಲ್ಲ. ಮೊದಲ ಸಾಲು ಅಳಿಸೋರು ಇರ್ತಾರೆ, ಅವರದ್ದು ಲೆಕ್ಕಕ್ಕೆ ಸಿಗಲ್ಲ, ಪರ್ವಾಗಿಲ್ಲ.

ಈ ಸಲ ಮೆಸೇಜ್ ಬಂದಿದ್ದು 22 ಮಾತ್ರ, ಆದ್ರೆ ಆರ್ಡರ್ ಆಗಿದ್ದು 14. ಮೆನು ಒಳಗಿಂದ ಬಂದ ಮೆಸೇಜ್‌ಗಳಲ್ಲಿ ದಿನ, ತೂಕ ಎಲ್ಲಾ ತುಂಬಿರೋದು, ನಾನು "ಆಗತ್ತೆ" ಅಂದು ಅಡ್ವಾನ್ಸ್ ಕೇಳಿದ್ರೆ ಮುಗೀತು. 2 ವಾರದಲ್ಲಿ ಏನು ಬೇಕಾದ್ರೂ ಆಗಬಹುದು, ಒಂದು ರೀಲ್ ಓಡಿದ್ರೆ ಲೆಕ್ಕ ತಲೆಕೆಳಗಾಗತ್ತೆ, ಅದಕ್ಕೆ ಮತ್ತೊಂದು ಸಲ ಆರ್ಡರ್ ಮೇಲಿಟ್ಟು 2 ವಾರ, ಮೆನು ಮೇಲಿಟ್ಟು 2 ವಾರ ನೋಡಿದೆ. ಆರ್ಡರ್ ಆಗಿದ್ದು 8 ಮತ್ತು 13. ಅಷ್ಟಕ್ಕೆ ನನಗೆ ಸಮಾಧಾನ ಆಯ್ತು.

ಬರೀ ಕ್ಲಿಕ್ ನೋಡಿ ತೀರ್ಮಾನ ಮಾಡ್ಬೇಡಿ ಅಂತ ನಾನು ಗಟ್ಟಿಯಾಗಿ ಹೇಳೋದು ಇದಕ್ಕೇ. ಮೇಲಿರೋ ಬಟನ್ ಏನಾದ್ರೂ ಆಗಿರ್ಲಿ, ಅದನ್ನ ಜನ ಒತ್ತುತ್ತಾರೆ, ಯೂಟ್ಯೂಬ್ ಮೇಲಿದ್ದಾಗ ಅದಕ್ಕೇ ಜಾಸ್ತಿ ಕ್ಲಿಕ್ ಇತ್ತು, ಅದನ್ನ ನೋಡಿ ನಾನು "ಜನಕ್ಕೆ ವಿಡಿಯೋ ಇಷ್ಟ" ಅಂತ ಅಂದ್ಕೊಂಡು ಒಂದು ವರ್ಷ ಅಲ್ಲೇ ಬಿಟ್ಟಿದ್ದೆ. ಕೆಳಗೆ ಇಳಿಸಿದ ವಾರವೇ ಅದರ ಕ್ಲಿಕ್ ಪೂರ್ತಿ ಬಿದ್ದೋಯ್ತು, ಆರ್ಡರ್ ಏನೂ ಕಮ್ಮಿ ಆಗ್ಲಿಲ್ಲ.

ಮೆನು ಮೇಲೆ ಇಟ್ರೆ ಸಾಲದು, ಒತ್ತಿದ್ರೆ ಅದು ತೆರ್ಕೋಬೇಕು ಕೂಡ. ನನ್ನದು ಮೊದಲು ಪಿಡಿಎಫ್, ಆನ್‌ಲೈನ್ ಫೋಲ್ಡರಲ್ಲಿ ಇಟ್ಟು ಅದರ ಲಿಂಕ್ ಕೊಟ್ಟಿದ್ದೆ. ನನ್ನ ಫೋನಲ್ಲಿ ಚೆನ್ನಾಗಿ ತೆರ್ಕೊಳ್ತಿತ್ತು, ಯಾಕಂದ್ರೆ ನಾನು ಲಾಗಿನ್ ಆಗಿರ್ತೀನಲ್ಲ. ಬೇರೆಯವರಿಗೆ ಪರ್ಮಿಷನ್ ಕೇಳ್ತಿತ್ತು, ಶೇರಿಂಗ್ ಸೆಟ್ಟಿಂಗ್ ನನಗೆ ಮಾತ್ರ ಅಂತ ಇತ್ತು. ಅದನ್ನ ಸರಿ ಮಾಡಿದ್ಮೇಲೂ ಇನ್‌ಸ್ಟಾಗ್ರಾಮ್ ಒಳಗಿನ ಬ್ರೌಸರಲ್ಲಿ ಪಿಡಿಎಫ್ ಅಕ್ಷರ ಇರುವೆ ಥರ, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದ್ಬೇಕು. ಕೊನೆಗೆ ಪಿಡಿಎಫ್ ಬಿಟ್ಟು ಒಂದು ಸಾದಾ ವೆಬ್ ಪೇಜ್ ಮಾಡಿದೆ, ಒಂದೊಂದು ಕೇಕಿಗೆ ಒಂದು ಫೋಟೋ, ಅದರ ಕೆಳಗೆ ಅರ್ಧ ಕೆಜಿ ರೇಟ್, 1 ಕೆಜಿ ರೇಟ್, ಎಷ್ಟು ದಿನ ಮುಂಚೆ ಹೇಳ್ಬೇಕು. ಮೊಟ್ಟೆ ಪ್ರಶ್ನೆಗೆ ಉತ್ತರನೂ ಮೇಲಿನ ಸಾಲಲ್ಲೇ. ನೀವು ಪರೀಕ್ಷೆ ಮಾಡೋದಾದ್ರೆ ನಿಮ್ಮ ಫೋನಲ್ಲಿ ಮಾಡ್ಬೇಡಿ, ಮನೇಲಿ ಯಾರ ಹತ್ರ ಹಳೇ ಚಿಕ್ಕ ಫೋನ್ ಇದ್ಯೋ, ಅಕ್ಷರ ದೊಡ್ಡದು ಮಾಡ್ಕೊಂಡಿರ್ತಾರೋ, ಅವರ ಇನ್‌ಸ್ಟಾಗ್ರಾಮಿಂದ ಒತ್ತಿ ನೋಡಿ. ನಾನು ಅತ್ತೆ ಫೋನಲ್ಲಿ ನೋಡ್ತೀನಿ. ಅವರ ಫೋನಲ್ಲಿ ಸ್ಕ್ರೋಲ್ ಮಾಡದೆ ಎಷ್ಟು ಬಟನ್ ಕಾಣತ್ತೋ ಅಷ್ಟೇ ನನ್ನ "ಮೇಲಿನ ಜಾಗ". ಫೋಟೋ ಚಿಕ್ಕದು ಮಾಡಿ ಪರಿಚಯ ಒಂದೇ ಸಾಲಿಗೆ ಇಳಿಸಿದ್ಮೇಲೆ 4 ಬಟನ್ ಕಾಣೋ ಹಾಗಾಯ್ತು.

ಬಟನ್ ಮೇಲೆ ಬರೆಯೋ ಮಾತೂ ಬದಲಾಯ್ಸಿದೆ. ಮೊದಲು "ನಮ್ಮ ಸಿಹಿ ಲೋಕ" ಅಂತ ಬರೆದಿದ್ದೆ, ಅದು ಮೆನು ಅಂತ ಯಾರಿಗೂ ಹೊಳೆಯಲ್ಲ. ಈಗ "ಮೆನು ಮತ್ತು ರೇಟ್" ಅಂತಷ್ಟೇ. ಎರಡನೇದು "ಆರ್ಡರ್ ಮಾಡಿ, ವಾಟ್ಸ್ಯಾಪ್", ಇದು ಹಳೇ ಕಸ್ಟಮರ್ಸ್‌ಗೆ, ಅವರಿಗೆ ರೇಟ್ ಎಲ್ಲ ಗೊತ್ತು, ಸೀದಾ ಬಂದು ಒತ್ತುತ್ತಾರೆ. ಮೂರನೇದು "ಈ ತಿಂಗಳು ಖಾಲಿ ಇರೋ ದಿನಗಳು". ಇದು ಆ 11 ಜನರ ಪ್ರಶ್ನೆಗೆ. ಪ್ರತಿ ಭಾನುವಾರ ರಾತ್ರಿ ನಾನೇ ತಿದ್ದುತೀನಿ, 5 ನಿಮಿಷದ ಕೆಲಸ, ಆದ್ರೆ ಒಂದು ವಾರ ಮರೆತ್ರೆ ತುಂಬಿರೋ ದಿನಕ್ಕೆ ಮೆಸೇಜ್ ಬರತ್ತೆ, ಇಲ್ಲ ಅಂತ ಹೇಳೋದು ನನಗೂ ಬೇಜಾರು ಅವರಿಗೂ ಬೇಜಾರು. ತಿದ್ದೋಕೆ ಆಗಲ್ಲ ಅನ್ನೋರು ಈ ಬಟನ್ ಇಡದೇ ಇರೋದೇ ವಾಸಿ.

ನಾಲ್ಕನೇದು ಡೆಲಿವರಿ ಮತ್ತು ಪಿಕಪ್ ವಿವರ. ರಿವ್ಯೂ ಫೋಟೋಗಳನ್ನ ಮೆನು ಪೇಜ್ ಒಳಗೇ ಆಯಾ ಕೇಕ್ ಪಕ್ಕ ಹಾಕಿದೆ, ಅಲ್ಲಿ ಅದು ನಿಜವಾಗಿ ಕೆಲಸ ಮಾಡತ್ತೆ. ಯೂಟ್ಯೂಬ್ ಕೊನೇಲಿದೆ, ಫೇಸ್‌ಬುಕ್ ತೆಗೆದುಬಿಟ್ಟೆ.

ಒಂದಕ್ಕೆ ಮಾತ್ರ ಮೇಲಿನ ಜಾಗ ಬಿಟ್ಕೊಡ್ತೀನಿ, ಸೀಸನ್ ಗಿಫ್ಟ್ ಬಾಕ್ಸ್ ಬುಕಿಂಗ್. ಅದು ಇರೋದೇ 10 ದಿನ, ಆ 10 ದಿನ ಬಂದೋರಲ್ಲಿ ಹೆಚ್ಚಿನೋರು ಅದಕ್ಕೇ ಬಂದಿರ್ತಾರೆ. ಹೆಸರಲ್ಲೇ ಕೊನೇ ದಿನಾಂಕ ಬರೀತೀನಿ, ತೆಗೆಯೋಕೆ ಫೋನಲ್ಲಿ ಅಲಾರಂ ಇಡ್ತೀನಿ. ಒಂದು ವರ್ಷ ತೆಗೆಯೋದು ಮರೆತು ಬುಕಿಂಗ್ ಮುಗಿದ ಮೇಲೂ 12 ದಿನ ಅದೇ ಮೇಲಿತ್ತು, ಅಷ್ಟೂ ದಿನ ಜನ ಫಾರ್ಮ್ ತುಂಬಿ ಕಾಯ್ತಾ ಇದ್ರು, ಒಬ್ಬೊಬ್ರಿಗೂ ಕ್ಷಮೆ ಕೇಳಿ ಮೆಸೇಜ್ ಮಾಡಿದೆ.

ಇನ್ನು ಸ್ಟೋರಿಗೆ ಈ ಪೇಜ್ ಬಳಸೋದೇ ನಿಲ್ಲಿಸಿದೆ. ಸ್ಟೋರಿಯಲ್ಲಿ ಲಿಂಕ್ ಸ್ಟಿಕರ್ ಹಾಕಬಹುದಲ್ಲ, ಚಾಕ್ಲೇಟ್ ಕೇಕ್ ಸ್ಟೋರಿಗೆ ಮೆನುವಿನಲ್ಲಿ ಆ ಕೇಕ್ ಇರೋ ಜಾಗಕ್ಕೇ ಸೀದಾ ಲಿಂಕ್ ಕೊಡ್ತೀನಿ. ಇನ್‌ಸ್ಟಾಗ್ರಾಮ್ 2023ರಿಂದ ಬಯೋದಲ್ಲೇ 5 ಲಿಂಕ್ ಹಾಕೋಕೆ ಬಿಟ್ಟಿದೆ, ಹಾಗಾದ್ರೆ ಬೇರೆ ಪೇಜ್ ಯಾಕೆ ಅಂತ ಕೇಳ್ತಾರೆ. ಅಲ್ಲೂ ಪ್ರೊಫೈಲಲ್ಲಿ ಎದುರಿಗೆ ಕಾಣೋದು ಮೊದಲನೇ ಲಿಂಕ್ ಮಾತ್ರ, ಉಳಿದಿದ್ದು ಒತ್ತಿದ್ರೆ ತೆರೆಯತ್ತೆ. ಹೊಸದಾಗಿ ಶುರು ಮಾಡಿ 2–3 ಲಿಂಕ್ ಇರೋರಿಗೆ ಅದೇ ಸಾಕು, ಮೊದಲನೇದು ಮೆನು ಮಾಡಿ. ನನಗೆ ಖಾಲಿ ದಿನಗಳ ಬಟನ್, ಗಿಫ್ಟ್ ಬಾಕ್ಸ್ ಬಟನ್ ಎಲ್ಲ ಆಗಾಗ ಬದಲಾಯ್ಸೋದು ಇರತ್ತೆ, ಯಾವ ಬಟನ್ ಎಷ್ಟು ಸಲ ಒತ್ತಿದ್ರು ಅನ್ನೋ ಲೆಕ್ಕನೂ ಬೇಕು, ಅದಕ್ಕೆ ಪೇಜ್ ಇಟ್ಕೊಂಡಿದೀನಿ.

ಈಗ ಯೋಚನೆ ಇರೋದು ಕ್ಲಾಸ್ ಬಟನ್ ಬಗ್ಗೆ. ಕ್ಲಾಸ್ ಕೇಳೋರು ಕಮ್ಮಿ, ಆದ್ರೆ ಒಬ್ರು ಸೇರಿದ್ರೂ ನನಗೆ 5–6 ಕೇಕ್ ಮಾರಿದಷ್ಟು ಉಳಿಯತ್ತೆ. ಅದನ್ನ 4ನೇ ಜಾಗಕ್ಕೆ ತಂದು ಡೆಲಿವರಿ ವಿವರನ ಮೆನು ಒಳಗೆ ಹಾಕಿ ನೋಡ್ತಿದೀನಿ, ಸೋಮವಾರಕ್ಕೆ 2 ವಾರ ಆಗತ್ತೆ. ಇಲ್ಲಿವರೆಗೆ ಕ್ಲಾಸ್ ಬಗ್ಗೆ 3 ಮೆಸೇಜ್ ಬಂದಿದೆ, "ಡೆಲಿವರಿ ಇದ್ಯಾ" ಅಂತ ಕೇಳಿ 7.